ಹೆಪ್ಪಿಗೆ ಅಂಚಿರುತ್ತದೆ

ಮಂಡ್ಯದ ಆ ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರ್ ಅರುಂಧತಿಗೆ ಒಂದು ಅಡ್ಡಹೆಸರಿತ್ತು: ಬೀಗದ ಮೇಡಂ. ಯಾವ ವಾರ್ಡಿನಿಂದ ಯಾರು ಸ್ಕ್ಯಾನ್ ಕೇಳಿ ಫೋನ್ ಮಾಡಿದರೂ ಅವಳ ಮೊದಲ ಮಾತು ‘ಯಾಕೆ?’ ಎಂದೇ ಇರುತ್ತಿತ್ತು. ಎರಡನೆಯ ಮಾತೂ ಬಹುಪಾಲು ಅದೇ. ಹೆಸರು ಇಟ್ಟವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಹಾಗೊಂದು ಹೆಸರಿರುವುದು ಗೊತ್ತಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ಬೆನ್ನ ಹಿಂದೆ ಕೇಳಿಸಿತ್ತು. ಇಡ್ಲಿ ಮುಗಿಸಿ ತಟ್ಟೆ ತೊಳೆಯುವಲ್ಲಿಟ್ಟು ಬಂದಿದ್ದಳು.

ಅವಳ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಚಿತ್ರ ಚೆನ್ನಾಗಿ ಕಾಣಲೆಂದು ದೀಪವನ್ನೂ ಸಣ್ಣಗೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಮದ್ದೂರಿನಲ್ಲಿ ರೈಲು ಹತ್ತಿ ಬಂದು ಆ ಕತ್ತಲಿಗೆ ಇಳಿದರೆ, ಹೊರಗೆ ಬಿಸಿಲೋ ಮಳೆಯೋ ತಿಳಿಯುತ್ತಿದ್ದುದು ಬಂದ ರೋಗಿಗಳ ಚಪ್ಪಲಿ ನೋಡಿ. ಗುರುವಾರ ಮಾತ್ರ ಮಳವಳ್ಳಿಗೆ ಹೋಗಿ ಬಸುರಿಯರ ಹೊಟ್ಟೆ ಸ್ಕ್ಯಾನ್ ಮಾಡುತ್ತಿದ್ದಳು. ಅಲ್ಲಿ ಜನ ಮಾತಾಡುತ್ತಿದ್ದರು. ಇಲ್ಲಿ ಮನುಷ್ಯರು ಅವಳ ಮುಂದೆ ಹಾಯುತ್ತಿದ್ದುದು ಚೂರುಚೂರಾಗಿ, ಕಪ್ಪು ಬಿಳುಪಿನಲ್ಲಿ, ಕತ್ತಿನಿಂದ ಹೊಟ್ಟೆಯವರೆಗೆ. ಮುಖ ಯಾರದೂ ಇಲ್ಲ. ಗಂಡ ವರ್ಗವಾಗಿ ಕಲಬುರಗಿಗೆ ಹೋದವನು ವರ್ಗವಾಗಿಯೇ ಉಳಿದುಬಿಟ್ಟಿದ್ದ. ಮಗಳು ಗೌತಮಿ ಮೈಸೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಳು. ಭಾನುವಾರ ಫೋನ್ ಮಾಡಿ ‘ಊಟ ಆಯ್ತಾ’ ಎಂದು ಕೇಳುತ್ತಿದ್ದಳು, ತಾಯಿ ಕೇಳಬೇಕಾದ್ದನ್ನು ತಾನೇ ಮೊದಲು ಕೇಳಿ ಮುಗಿಸಿದರೆ ಮಾತು ಬೇಗ ಮುಗಿಯುತ್ತದೆ ಎಂಬಂತೆ.

ಹಿಂದಿನ ವಾರ ಒಂದು ಜಗಳವಾಗಿತ್ತು. ತುರ್ತು ಚಿಕಿತ್ಸೆಯ ವಿಭಾಗದಲ್ಲಿ ವಿಷ್ಣು ಎಂಬ ಎಳೆಯ ಡಾಕ್ಟರು ಹೊಸದಾಗಿ ಸೇರಿದ್ದ. ಮದ್ದೂರಿನ ಒಬ್ಬ ಅಂಗಡಿಯವನು ಅಣ್ಣನ ಜೊತೆ ಕಿತ್ತಾಡಿಕೊಂಡು ಉಸಿರು ಕಟ್ಟುತ್ತದೆ ಎಂದು ಬಂದಾಗ, ವಿಷ್ಣು ನೇರವಾಗಿ, ರಕ್ತನಾಳದಲ್ಲಿ ಹೆಪ್ಪಿದೆಯೇ ಎಂದು ನೋಡುವ ಶ್ವಾಸಕೋಶದ ಸಿಟಿ ಆಂಜಿಯೋ ಬರೆದು ಕಳಿಸಿದ. ಅರುಂಧತಿ ಫೋನಿನಲ್ಲೇ ಒಂದೊಂದಾಗಿ ಕೇಳಿದಳು. ನಾಡಿ ಎಷ್ಟು? ಸರಿ ಇದೆ. ಆಕ್ಸಿಜನ್? ಸರಿ ಇದೆ. ಕಾಲು ಊತ? ಇಲ್ಲ. ಇತ್ತೀಚೆಗೆ ಆಪರೇಷನ್, ಹಾಸಿಗೆ ಹಿಡಿದದ್ದು, ಕ್ಯಾನ್ಸರ್, ಹಿಂದೆ ಯಾವತ್ತಾದರೂ ರಕ್ತ ಹೆಪ್ಪುಗಟ್ಟಿದ್ದು, ಕೆಮ್ಮಿದರೆ ರಕ್ತ? ಯಾವುದೂ ಇಲ್ಲ. ‘ಹಾಗಾದರೆ ಯಾಕೆ?’

‘ಒಂದ್ಸಲ ನೋಡಿಬಿಟ್ರೆ ಧೈರ್ಯ ಅಂತ ಮೇಡಂ.’

‘ನಿಮ್ಮ ಧೈರ್ಯಕ್ಕೆ ಅವನ ಎದೆಗೆ ಕಿರಣ ಬಿಡೋದಾ? ಉಸಿರು ಕಟ್ಟಿದವರನ್ನೆಲ್ಲ ಯಂತ್ರದೊಳಕ್ಕೆ ತಳ್ಳಬೇಡಿ. ಮೊದಲು ಲಕ್ಷಣ ನೋಡಿ ಸ್ಕೋರ್ ಹಾಕಿ. ಆಮೇಲೆ ಡಿ-ಡೈಮರ್ ರಕ್ತಪರೀಕ್ಷೆ. ಅದು ಬಂದ ಮೇಲೆ ನನಗೆ ಫೋನ್.’

ಪರೀಕ್ಷೆಯಲ್ಲಿ ಹೆಪ್ಪಿನ ಸುಳಿವೇನೂ ಬರಲಿಲ್ಲ. ಅಂಗಡಿಯವನು ಮನೆಗೆ ಹೋದ. ಅರುಂಧತಿ ಹೇಳಿದ್ದು ಸರಿಯೇ ಆಗಿತ್ತು. ಆದರೆ ಆ ಫೋನಿನ ಹತ್ತಿರ ನರ್ಸುಗಳು ನಿಂತಿದ್ದರೆಂದೂ, ಅವಳ ದನಿ ಆಚೆಯವರಿಗೂ ಕೇಳುವಷ್ಟಿತ್ತೆಂದೂ ಅವಳಿಗೆ ಆಮೇಲೆ ತಿಳಿಯಿತು. ಅದಾದ ಮೇಲೆ ವಿಷ್ಣು ಕ್ಯಾಂಟೀನಿನಲ್ಲಿ ಅವಳ ಮೇಜಿಗೆ ಬರುವುದನ್ನು ನಿಲ್ಲಿಸಿದ. ಬರುತ್ತಿದ್ದವನು ಅವನೊಬ್ಬನೇ.

ಈ ದಿನ ಫೋನ್ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು.

‘ಮೇಡಂ, ಸ್ಕೋರ್ ಹಾಕಿದೀನಿ. ಡಿ-ಡೈಮರ್ ಬಂತು. ತುಂಬಾ ಹೆಚ್ಚಿದೆ.’ ವಿಷ್ಣು ಪಾಠ ಒಪ್ಪಿಸುವಂತೆ ಹೇಳಿದ. ‘ಕೊಪ್ಪದ ಹೆಂಗಸು, ಚೈತನ್ಯಾ. ಇಪ್ಪತ್ತಾರು ವರ್ಷ. ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಉಸಿರಾಟದ ತೊಂದರೆ. ನಾಡಿ ನೂರಿಪ್ಪತ್ತರ ಮೇಲಿದೆ. ಆಕ್ಸಿಜನ್ ತೊಂಬತ್ತಕ್ಕೆ ಇಳಿದಿತ್ತು, ಈಗ ಮಾಸ್ಕ್ ಹಾಕಿದೀವಿ. ಬಿಪಿ ಬಿದ್ದಿಲ್ಲ. ಎಕ್ಸ್‌ರೇಲಿ ಶ್ವಾಸಕೋಶ ಸ್ವಚ್ಛವಾಗಿದೆ.’

ಎಕ್ಸ್‌ರೇ ಸ್ವಚ್ಛ, ಆದರೂ ಉಸಿರಿಲ್ಲ. ಅರುಂಧತಿ ನೆಟ್ಟಗೆ ಕೂತಳು. ‘ಏನಾಗಿತ್ತು ಅವಳಿಗೆ? ಆಪರೇಷನ್?’

‘ಬಾಣಂತಿ ಮೇಡಂ. ಸಿಸೇರಿಯನ್. ಎರಡು ವಾರ ಆಗಿಲ್ಲ.’

‘ಬಾಣಂತೀನಾ?’ ಎಂದಳು. ‘ಬಾಣಂತಿಗೆ ಡಿ-ಡೈಮರ್ ಯಾಕೆ ಮಾಡಿದ್ರಿ? ಹೆರಿಗೆ ಆದವರಲ್ಲಿ, ಹೊಟ್ಟೆ ಕುಯ್ಸಿಕೊಂಡವರಲ್ಲಿ ಅದು ಹೇಗೂ ಹೆಚ್ಚೇ ಇರುತ್ತೆ. ಕಡಿಮೆ ಶಂಕೆ ಇರೋವರಲ್ಲಿ ಸ್ಕ್ಯಾನ್ ಬೇಡ ಅಂತ ಬಿಡೋದಕ್ಕೆ ಆ ಪರೀಕ್ಷೆ. ಇವಳದು ಕಡಿಮೆ ಶಂಕೆಯಾ? ಎಷ್ಟು ಹೊತ್ತು ಕಾದ್ರಿ ಅದಕ್ಕೆ?’

‘ಲ್ಯಾಬಲ್ಲಿ ತಡ ಆಯ್ತು. ನೀವೇ ಹೇಳಿದ್ರಲ್ಲ ಮೇಡಂ, ಅದು ಬಂದ ಮೇಲೇ ಫೋನ್ ಮಾಡಿ ಅಂತ.’

ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಉಸಿರು ಸಿಗದ ಹುಡುಗಿಯೊಬ್ಬಳು ಮೇಲಿನ ಮಹಡಿಯಲ್ಲಿ ಬೆಳಿಗ್ಗೆಯಿಂದ ಒಂದು ಕಾಗದಕ್ಕಾಗಿ ಕಾದಿದ್ದಳು. ಕೆಳಗೆ ಕೂತ ಹೆಂಗಸನ್ನು ಕೇಳಲು ಮೇಲಿದ್ದವನಿಗೆ ಅಂಜಿಕೆ.

‘ಹೆಪಾರಿನ್ ಕೊಟ್ಟಿದೀರಾ?’

‘ಇಲ್ಲ. ಹೆರಿಗೆ ಆದಾಗ ತುಂಬಾ ರಕ್ತ ಹೋಗಿತ್ತಂತೆ. ಎರಡು ಬಾಟ್ಲಿ ಹಾಕಿದಾರೆ. ಗಾಯ ಇನ್ನೂ ಜಿನುಗ್ತಾ ಇದೆ. ಹೆರಿಗೆ ಮಾಡಿಸಿದ ಮದ್ದೂರಿನ ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಹೆಪ್ಪು ಇರೋದು ಖಾತ್ರಿಯಾದ್ರೆ ಕೊಡಿ, ಅನುಮಾನದ ಮೇಲೆ ರಕ್ತ ತೆಳು ಮಾಡೋ ಔಷಧಿ ಬೇಡ ಅಂದ್ರು.’

ಸಾಮಾನ್ಯವಾಗಿ ಶಂಕೆ ಇಷ್ಟು ಬಲವಾಗಿದ್ದರೆ ಸ್ಕ್ಯಾನಿಗೂ ಕಾಯದೆ ಹೆಪಾರಿನ್ ಚುಚ್ಚುತ್ತಾರೆ. ಇಲ್ಲಿ ಹಾಗೆ ಮಾಡುವ ಹಾಗಿರಲಿಲ್ಲ. ಹೆಪ್ಪಿದ್ದು ಔಷಧಿ ಕೊಡದಿದ್ದರೆ ಇನ್ನೊಂದು ಚೂರು ಬಂದು ಹೃದಯವನ್ನು ನಿಲ್ಲಿಸಬಹುದು. ಹೆಪ್ಪಿಲ್ಲದೆ ಕೊಟ್ಟರೆ ಗಾಯ ಬಿಚ್ಚಿಕೊಂಡು ರಕ್ತ ಹರಿಯಬಹುದು.

‘ಕಳಿಸಿ. ಈಗಲೇ,’ ಎಂದಳು ಅರುಂಧತಿ. ‘ನೀವೂ ಜೊತೆಗೆ ಬನ್ನಿ.’

ಚೈತನ್ಯಾಳನ್ನು ಕರೆತಂದ ರೀತಿ ನೋಡಿದರೆ ಯಾರೋ ಮೂಟೆ ಕಟ್ಟಿ ತಂದಂತಿತ್ತು. ತಲೆಗೆ, ಕಿವಿಗೆ ಉಣ್ಣೆ ಬಟ್ಟೆ, ಕಾಲಿಗೆ ಕಾಲುಚೀಲ, ಹೊಟ್ಟೆಗೆ ಹಳೇ ಸೀರೆಯ ಬಿಗಿ ಸುತ್ತು. ಬಾಯಿಗೆ ಆಕ್ಸಿಜನ್ ಮಾಸ್ಕು. ಮಾಸ್ಕಿನ ಮೇಲೆ ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಅವು ಎಲ್ಲರ ಮುಖವನ್ನೂ ನೋಡುತ್ತಿದ್ದವು. ಪಕ್ಕದಲ್ಲಿ ಅವಳ ತಾಯಿ ಮೀನಾಕ್ಷಮ್ಮ, ಕಂಕುಳಲ್ಲಿ ಕೂಸು. ಅವರ ಜೊತೆಗೆ ಬೇರೆ ಯಾರೂ ಇರಲಿಲ್ಲ. ಗಂಡ ಹೇಮಂತ್ ಮಳವಳ್ಳಿ ಕಡೆ ಲೈನ್‌ಮ್ಯಾನ್. ಕಂಬ ಇಳಿದು ಬಸ್ಸು ಹಿಡಿದು ಬರುತ್ತಿದ್ದ.

ಸ್ಕ್ಯಾನಿನ ಟೆಕ್ನೀಷಿಯನ್ ಯತೀಶ್ ಹೊಟ್ಟೆಯ ಬಟ್ಟೆಗೆ ಕೈಹಾಕಿದ.

‘ಬುಡಪ್ಪ, ಅದ್ನ ಮುಟ್ಬ್ಯಾಡ,’ ಎಂದಳು ಮೀನಾಕ್ಷಮ್ಮ. ‘ಬಿಚ್ಚುದ್ರೆ ಹೊಟ್ಟೆ ಒಳಕ್ಕೆ ಗಾಳಿ ತುಂಬ್ಕತದೆ. ಅದೇನ್ ಇಲ್ಲಿ, ಐಸ್‌ಪೆಟ್ಟಿಗೆ ಮಡಗ್ದಂಗೆ ಮಡಗಿದ್ದೀರಿ. ಬಾಣಂತಿನ ಇಲ್ಲಿ ಮಲಗ್ಸಾದಾ?’

‘ಮಿಸಿನ್ನಿಗೆ ತಂಪು ಬೇಕು ಕಣವ್ವ.’

‘ಮಿಸಿನ್ನಿಗೆ ಬಾಣಂತನ ಮಾಡ್ತಿದ್ದೀರಾ? ನನ್ ಮಗ್ಳಿಗೆ ಬ್ಯಾಡ್ವಾ?’

ಯತೀಶ್ ನಕ್ಕ. ಸಿರೆಯಲ್ಲಿ ಸೂಜಿ ಸರಿಯಾಗಿ ಕೂತಿದೆಯೇ ನೋಡಿ, ಡೈ ತಳ್ಳುವ ಪಂಪಿನ ನಳಿಕೆ ಜೋಡಿಸಿದ. ಡೈ ತಾಳಿಕೊಳ್ಳಬೇಕಾದ ಮೂತ್ರಪಿಂಡದ ಪರೀಕ್ಷೆ ಸರಿ ಇತ್ತು. ಮೀನಾಕ್ಷಮ್ಮನನ್ನು ಆಚೆ ಕೂರಿಸಿದರು. ಅರುಂಧತಿ, ವಿಷ್ಣು, ಯತೀಶ್ ಮೂವರೂ ಗಾಜಿನ ಈಚೆ ನಿಂತರು. ಯತೀಶ್ ಮೈಕಿನಲ್ಲಿ, ದಿನವೂ ಎದೆಯ ಸ್ಕ್ಯಾನಿಗೆ ಬರುವ ಎಲ್ಲರಿಗೂ ಹೇಳುವುದನ್ನೇ ಹೇಳಿದ: ‘ಅಕ್ಕ, ಮೈಯೆಲ್ಲ ಬಿಸಿ ಆದಂಗೆ ಆಯ್ತದೆ, ಎದ್ರುಕೋಬೇಡಿ. ಈಗ ಜೋರಾಗಿ ಉಸ್ರು ಎಳ್ಕಳಿ. ಇನ್ನೂ ಜೋರಾಗಿ. ಬಿಗಿ ಇಡೀರಿ.’

ಗಾಜಿನಾಚೆ ಆ ಮೂಟೆ ತನಗಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಉಸಿರೆಳೆಯಿತು. ಭುಜಗಳು ಕಿವಿಯವರೆಗೆ ಎದ್ದವು.

ಚಿತ್ರಗಳು ಪರದೆಯ ಮೇಲೆ ಬರುತ್ತಿದ್ದಂತೆ ವಿಷ್ಣು ಬಗ್ಗಿದ. ಡೈ ಇದ್ದಲ್ಲಿ ರಕ್ತನಾಳ ಬೆಳ್ಳಗೆ ಹೊಳೆಯಬೇಕು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಎರಡೂ ದೊಡ್ಡ ಧಮನಿಗಳು, ಅವುಗಳ ಕವಲುಗಳು ಬೂದಿ ಬಣ್ಣಕ್ಕಿದ್ದವು.

‘ಎರಡೂ ಕಡೆ ಮುಚ್ಚಿಹೋಗಿದೆ,’ ಎಂದ. ‘ಎಷ್ಟು ದೊಡ್ಡದು. ಮೇಡಂ, ಹೆಪಾರಿನ್ ಸಾಕಾಗಲ್ಲ ಅನ್ಸುತ್ತೆ. ಹೆಪ್ಪು ಕರಗಿಸೋ ಔಷಧಿನೇ...’

‘ತಡೀರಿ.’

ಅರುಂಧತಿ ಮೌಸಿನ ಗಾಲಿ ಉರುಳಿಸಿ ಮೇಲಕ್ಕೂ ಕೆಳಕ್ಕೂ ಹೋದಳು. ಹೆಪ್ಪನ್ನು ಯಾರೂ ನೇರವಾಗಿ ನೋಡುವುದಿಲ್ಲ. ಕಾಣುವುದು ಡೈ ತುಂಬಬೇಕಾದಲ್ಲಿ ತುಂಬದೆ ಉಳಿದ ಜಾಗ. ಫಿಲ್ಲಿಂಗ್ ಡಿಫೆಕ್ಟ್ ಎಂದು ಬರೆಯುವುದು ಅದನ್ನೇ. ಆ ಖಾಲಿಗೆ ಒಂದು ಆಕಾರ ಇರಬೇಕು. ಇಲ್ಲಿದ್ದದ್ದು ಆಕಾರವಿಲ್ಲದ ಮಬ್ಬು. ಎಡಕ್ಕೂ ಬಲಕ್ಕೂ ಒಂದೇ ಎತ್ತರದಲ್ಲಿ, ಒಂದೇ ಸಮ.

‘ವಿಷ್ಣು, ಇದರ ಅಂಚು ತೋರಿಸಿ.’

ಅವನು ಪರದೆಯ ಮೇಲೆ ಬೆರಳು ಇಟ್ಟ, ಸರಿಸಿದ, ತೆಗೆದ.

‘ಇಲ್ಲ ಅಲ್ವಾ? ಹೆಪ್ಪಿಗೆ ಅಂಚಿರುತ್ತೆ. ಬೇಸಿಗೆ ಮುಗಿದು ನಾಲೆಗೆ ಮೊದಲು ನೀರು ಬಿಟ್ಟಾಗ ನೋಡಿದೀರಾ? ಕೆಂಪು ನೀರೂ ತಿಳಿ ನೀರೂ ಬೆರೆತು ಹರಿಯುತ್ತೆ. ಎಲ್ಲಿ ಕೆಂಪು ಮುಗೀತು ಅಂತ ಹೇಳೋಕಾಗಲ್ಲ. ನಾಲೆಯೊಳಗೆ ಕಲ್ಲು ಬಿದ್ದಿದ್ರೆ ಹಾಗಲ್ಲ, ಸುತ್ತ ನೀರು, ನಡುವೆ ಕಲ್ಲು. ಇದು ಕಲ್ಲಲ್ಲ, ಬೆರೆತ ನೀರು. ಇಲ್ಲಿ ನೋಡಿ, ಡೈ ಒಳಗೆ ಬರೋ ಮೇಲಿನ ಮಹಾಸಿರೆ ಬೆಳ್ಳಗಿದೆ. ಶ್ವಾಸಕೋಶ ದಾಟಿ ಹೋದ ಮಹಾಧಮನಿಯೂ ಬೆಳ್ಳಗಿದೆ. ನಡುವೆ ಇರೋದು ಮಾತ್ರ ಬೂದಿ. ಎರಡೂ ಕಡೆ ಮುಚ್ಚಿಹೋಗಿದ್ರೆ ಮುಂದಕ್ಕೆ ಇಷ್ಟು ಡೈ ಹೋಗಿದ್ದು ಹೇಗೆ?’

ಯತೀಶ್ ಕುರ್ಚಿಯಿಂದ ಎದ್ದಿದ್ದ. ‘ಟೈಮಿಂಗು ನಾನು ಸರಿಯಾಗೇ ಇಟ್ಟಿದ್ದೆ ಮೇಡಂ.’

‘ಟೈಮಿಂಗ್ ಅಲ್ಲ ಯತೀಶ್. ಉಸಿರು.’

ಜೋರಾಗಿ ಉಸಿರೆಳೆದರೆ ಎದೆ ಹೀರುಗೊಳವೆಯಂತಾಗಿ, ಹೊಟ್ಟೆ ಕಾಲುಗಳ ಕಡೆಯ ರಕ್ತ ಒಮ್ಮೆಗೇ ಹೃದಯಕ್ಕೆ ನುಗ್ಗುತ್ತದೆ. ಆ ರಕ್ತದಲ್ಲಿ ಡೈ ಇರುವುದಿಲ್ಲ. ತೋಳಿನಿಂದ ಬಂದ ಡೈ ಅದರೊಳಗೆ ತೆಳ್ಳಗಾಗಿ, ಸರಿಯಾಗಿ ಚಿತ್ರ ತೆಗೆಯುವ ಗಳಿಗೆಯಲ್ಲಿ ಧಮನಿಗಳಲ್ಲಿ ಬೂದಿ ಹರಿಯುತ್ತದೆ. ಬಸುರಿಯರಲ್ಲಿ, ಹೊಸ ಬಾಣಂತಿಯರಲ್ಲಿ ಇದು ಇನ್ನೂ ಹೆಚ್ಚು. ಮಾಮೂಲಿ ಎದೆಯ ಸ್ಕ್ಯಾನಿಗೆ ಯತೀಶನ ಮಾತು ಸರಿ. ಈ ಸ್ಕ್ಯಾನಿಗೆ ಅದೇ ಮಾತು ಚಿತ್ರ ಕೆಡಿಸಿತ್ತು.

‘ಅಂದ್ರೆ ಹೆಪ್ಪಿಲ್ವಾ?’ ವಿಷ್ಣು ಕೇಳಿದ.

‘ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಈ ಬೂದಿಯ ಹಿಂದೆ ಕಲ್ಲೂ ಇರಬಹುದು.’

ಹೀಗಿರುವಾಗ ಪಕ್ಕದಲ್ಲಿ ಇನ್ನೊಬ್ಬ ರೇಡಿಯಾಲಜಿಸ್ಟ್ ಇದ್ದಿದ್ದರೆ, ಏನನ್ನುತ್ತೀಯ ಎಂದು ಕೇಳಬಹುದಿತ್ತು. ಇಷ್ಟು ವರ್ಷ ಈ ಕತ್ತಲಲ್ಲಿ ಅವಳು ಒಬ್ಬಳೇ ‘ಇದೆ’ ಎಂದೂ ಒಬ್ಬಳೇ ‘ಇಲ್ಲ’ ಎಂದೂ ಸಹಿ ಹಾಕಿದ್ದಳು. ‘ಗೊತ್ತಿಲ್ಲ’ ಎಂದು ಬರೆಯುವುದೇ ಎಲ್ಲಕ್ಕಿಂತ ಒಂಟಿ ಕೆಲಸ. ಕೆಲವರು ಹಾಗೆ ಬರೆದು ಕೈತೊಳೆದುಕೊಳ್ಳುತ್ತಾರೆ. ಆದರೆ ಮೇಲೆ ಔಷಧಿ ಕೈಯಲ್ಲಿ ಹಿಡಿದು ನಿಂತವರಿಗೆ ‘ಗೊತ್ತಿಲ್ಲ’ ಎಂಬ ಉತ್ತರದಿಂದ ಏನು ಮಾಡಲು ಸಾಧ್ಯ?

ಎರಡನೇ ಸಲ ಡೈ ಬಿಡುವ ಮುನ್ನ ಇನ್ನೊಂದು ದಾರಿ ಇತ್ತು. ಇಂಥ ಹೆಪ್ಪು ಹೆಚ್ಚಾಗಿ ಕಾಲಿನ ಆಳದ ಸಿರೆಗಳಲ್ಲಿ ಹುಟ್ಟಿ, ಕಿತ್ತುಕೊಂಡು ಮೇಲೆ ಬರುವುದು. ಅಲ್ಲೇ ಕಂಡರೆ ಎದೆಯ ಸ್ಕ್ಯಾನನ್ನು ಮತ್ತೆ ಮಾಡದೆಯೂ ಔಷಧಿ ಶುರು ಮಾಡಬಹುದು. ಅಲ್ಟ್ರಾಸೌಂಡ್ ಯಂತ್ರವನ್ನು ತಳ್ಳಿಕೊಂಡು ಅವಳು ಗಾಜಿನಾಚೆಗೆ ಹೋದಳು. ಕಾಲುಚೀಲ ತೆಗೆದು, ತೊಡೆಸಂದಿಯಿಂದ ಮೀನಖಂಡದವರೆಗೆ ಒತ್ತಿ ಒತ್ತಿ ನೋಡಿದಳು. ಹೆಪ್ಪಿಲ್ಲದ ಸಿರೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಎರಡೂ ಕಾಲಿನ ಸಿರೆಗಳು ಮುಚ್ಚಿಕೊಂಡವು. ಅದರಿಂದ ಎದೆಯಲ್ಲಿಲ್ಲ ಎಂದೇನೂ ಆಗಲಿಲ್ಲ. ಬಂದದ್ದು ಪೂರ್ತಿ ಮೇಲೆ ಹೋಗಿರಬಹುದು, ಇಲ್ಲವೆ ಅಲ್ಟ್ರಾಸೌಂಡಿಗೆ ಸಿಗದ ಕಿಬ್ಬೊಟ್ಟೆಯ ಸಿರೆಗಳಿಂದ ಹೊರಟಿರಬಹುದು. ಇನ್ನುಳಿದದ್ದು ಮತ್ತೊಂದು ಸ್ಕ್ಯಾನ್.

‘ಚೈತನ್ಯಾ,’ ಎಂದಳು. ‘ಇನ್ನೊಂದು ಸಲ ಮಾಡಬೇಕಮ್ಮ.’

ಮಾಸ್ಕಿನೊಳಗಿಂದ ದನಿ ಬಂತು. ‘ನಾನ್ ಸರಿಯಾಗಿ... ಮಾಡ್ಲಿಲ್ವಾ?’

‘ನೀನು ನಾವು ಹೇಳಿದಷ್ಟನ್ನೂ ಮಾಡಿದೆ. ನಾವು ಹೇಳಿದ್ದು ತಪ್ಪು.’

ಹುಡುಗಿ ಅವಳನ್ನೇ ನೋಡಿದಳು. ‘ಇಷ್ಟ್ ದಿನ ಒಬ್ಳೇ ರೂಮಲ್ಲಿ... ಬಾಗ್ಲಾಕೊಂಡು ಮಲ್ಗಿದ್ದೆ. ಇಲ್ಲೂ ಒಬ್ಳೇ ಬುಟ್ಬುಟ್ಟು ಓಯ್ತೀರಾ?’

ಯಂತ್ರ ಓಡುವಾಗ ಒಳಗೆ ಯಾರೂ ನಿಲ್ಲುವ ಹಾಗಿಲ್ಲ. ಅರುಂಧತಿ ಅದನ್ನು ಹೇಳಲಿಲ್ಲ. ಉಣ್ಣೆ ಬಟ್ಟೆಯ ಮೇಲೆ ಕೈ ಇಟ್ಟು, ‘ಮೊದಲು ನನ್ನ ಜೊತೆ ಅಭ್ಯಾಸ ಮಾಡು. ಎಳ್ಕೋಬೇಡ. ನಾನು ಸಾಕು ಅಂದಾಗ ಉಸಿರು ಎಲ್ಲಿರುತ್ತೋ ಅಲ್ಲೇ ನಿಲ್ಲಿಸಿಬಿಡು. ಬಾಗಿಲ ಹಿಂದೆ ಬಚ್ಚಿಟ್ಟುಕೊಂಡವರು ನಿಲ್ಲಿಸ್ತಾರಲ್ಲ, ಹಾಗೆ,’ ಎಂದಳು. ‘ಸಾಕು.’

ಮೊದಲ ಸಲ ಹುಡುಗಿ ಮತ್ತೆ ಎಳೆದಳು. ‘ಎಳೀಬೇಡ.’ ಎರಡನೇ ಸಲ ಕೆಮ್ಮು ಬಂತು. ಮೂರನೇ ಸಲ ಎದೆ ಮೇಲೇಳದೆ ಹಾಗೇ ನಿಂತಿತು. ಅರುಂಧತಿಗೆ ತನ್ನ ಉಸಿರೂ ನಿಂತಿದ್ದು ಆಮೇಲೆ ಗೊತ್ತಾಯಿತು.

ಆಚೆ ಬಂದು ಮೈಕನ್ನು ಅವಳೇ ಹಿಡಿದಳು. ಯತೀಶ್ ಪಂಪು ಬಿಟ್ಟ. ಪರದೆಯ ಮೇಲೆ ಶ್ವಾಸಕೋಶದ ದೊಡ್ಡ ಧಮನಿ ಬೆಳಗುತ್ತಿದ್ದಂತೆ ಅವಳು ಮೆಲ್ಲಗೆ, ‘ಸಾಕು,’ ಎಂದಳು.

ಈ ಸಲ ಎಲ್ಲ ಬೆಳ್ಳಗಿತ್ತು. ಎಡಗಡೆಯ ದೊಡ್ಡ ಧಮನಿ ತಿಳಿ. ಬಲಗಡೆಯದೂ ತಿಳಿ. ಗಾಲಿ ಉರುಳಿಸುತ್ತ ಕೆಳಗಿಳಿದಳು. ಬಲ ಶ್ವಾಸಕೋಶದ ಕೆಳಗಿನ ಹಾಲೆಗೆ ಹೋಗುವ ಧಮನಿ ಬಂತು, ಅಡ್ಡ ಕುಯ್ದ ಹಾಗೆ, ದುಂಡಗೆ. ಅದರ ನಡುವೆ ಕಪ್ಪು ಬೊಟ್ಟು, ಸುತ್ತ ಬಿಳಿಯ ಉಂಗುರ.

ಅವಳು ಚಿತ್ರವನ್ನು ಉದ್ದಕ್ಕೆ ತಿರುಗಿಸಿದಳು. ಉದ್ದ ಕುಯ್ದಾಗ ಅದೇ ಬೊಟ್ಟು ಎಳೆಯಾಯಿತು, ಎರಡು ಬಿಳಿ ಗೆರೆಗಳ ನಡುವೆ ಹಳಿಗಳ ನಡುವಿನ ನೆಲದಂತೆ. ಅದರ ಕೆಳಗೆ ಒಂದು ಕವಲಿಗೆ ಡೈ ಹೋಗಿಯೇ ಇರಲಿಲ್ಲ. ಪೂರ್ತಿ ಮುಚ್ಚಿ, ಪಕ್ಕದ ಕವಲಿಗಿಂತ ಉಬ್ಬಿತ್ತು. ಎಡಗಡೆ ಕೆಳಗೂ ಒಂದು ಸಣ್ಣ ಕವಲಿನಲ್ಲಿ ಚೂರು.

‘ಇದಕ್ಕೆ ಅಂಚಿದೆ,’ ಎಂದ ವಿಷ್ಣು.

‘ಇದೆ. ಇನ್ನೇನು ನೋಡಬೇಕು ಹೇಳಿ.’

‘ಹೊಸದೋ ಹಳೇದೋ.’

‘ಗೋಡೆ ಸೇರೋ ಕಡೆ ನೋಡಿ. ಚೂಪಾದ ಕೋನ. ಹಳೇದಾದರೆ ಗೋಡೆಗೆ ಹರಡಿ ಅಂಟಿಕೊಂಡಿರುತ್ತೆ, ನಾಳ ಸಣ್ಣಗಾಗಿರುತ್ತೆ, ಒಳಗೆ ಜೇಡರ ಬಲೆ ಹಾಗೆ ಎಳೆ ಇರುತ್ತೆ. ಅದ್ಯಾವುದೂ ಇಲ್ಲ. ಹೊಸದು. ಹೃದಯ?’

ಅವನು ಎಣಿಸುವವನಂತೆ ತುಟಿ ಆಡಿಸಿದ. ‘ಬಲ ಭಾಗ ಎಡಕ್ಕಿಂತ ಸ್ವಲ್ಪ ಅಗಲ ಇದೆ. ನಡುವಿನ ಗೋಡೆ ನೆಟ್ಟಗಾಗಿದೆ.’

‘ದಣೀತಾ ಇದೆ ಅಂತ. ಬಿಪಿ ಬೀಳದೆ ಇರೋ ತನಕ ಕರಗಿಸೋ ಔಷಧಿ ಬೇಡ. ಹೆಪಾರಿನ್ ಶುರು ಮಾಡಿ. ಬೇಕಾದರೆ ತಕ್ಷಣ ನಿಲ್ಲಿಸೋಕೆ ಆಗೋ ಹಾಗೆ, ಡ್ರಿಪ್‌ನಲ್ಲಿ. ಗಾಯ ನೋಡ್ತಾ ಇರಿ. ಐಸಿಯುನಲ್ಲಿ ಇಟ್ಟುಕೊಳ್ಳಿ. ಮದ್ದೂರಿನ ಡಾಕ್ಟ್ರಿಗೆ ಖಾತ್ರಿ ಅಂತ ನಾನೇ ಹೇಳ್ತೀನಿ.’

ವಿಷ್ಣು ಬಾಗಿಲವರೆಗೆ ಹೋಗಿದ್ದ. ಅವಳು ಕರೆದಳು.

‘ಬೆಳಿಗ್ಗೆ ತಡ ಆಗಿದ್ದು ಲ್ಯಾಬಿನಿಂದ ಅಲ್ಲ. ನನ್ನಿಂದ. ಇನ್ಮೇಲೆ ಅನುಮಾನ ಬಂದ ತಕ್ಷಣ ಫೋನ್ ಮಾಡಿ. ನಾನು ಬೈದರೂ ಮಾಡಿ.’

‘ಸರಿ ಮೇಡಂ,’ ಎಂದು ಅವನು ಹೋದ. ಅವನಿಗೆ ಮಾಡಲು ಕೆಲಸವಿತ್ತು.

ಅರುಂಧತಿ ಮದ್ದೂರಿಗೆ ಫೋನ್ ಮಾಡಿದಳು. ಆಮೇಲೆ ವರದಿ ಹೇಳಿ ಬರೆಸಿದಳು. ಹೆಪ್ಪು ಎಲ್ಲಿದೆ, ಯಾವ ಕವಲಿನವರೆಗೆ, ಎಲ್ಲಿ ಅರ್ಧ ಎಲ್ಲಿ ಪೂರ್ತಿ, ಹೊಸದೆಂದು ಹೇಳಲು ಏನು ಕಾರಣ, ಹೃದಯದ ಮೇಲೆ ಎಷ್ಟು ಭಾರ. ಮೊದಲ ಸ್ಕ್ಯಾನ್ ಉಸಿರಿನ ಕಾರಣಕ್ಕೆ ಉಪಯೋಗಕ್ಕೆ ಬರಲಿಲ್ಲವೆಂಬುದನ್ನೂ ಸೇರಿಸಿದಳು. ಯತೀಶ್ ಕೇಳಿಸಿಕೊಳ್ಳುತ್ತಿದ್ದವನು, ‘ಇನ್ಮೇಲೆ ಈ ಸ್ಕ್ಯಾನಿಗೆ ಸಾಕು ಅಂತ ಮಾತ್ರ ಅಂತೀನಿ ಮೇಡಂ,’ ಎಂದು ಊಟಕ್ಕೆ ಹೊರಟ. ಬರುತ್ತೀರಾ ಎಂದು ಕೇಳಲಿಲ್ಲ. ಯಾವತ್ತೂ ಕೇಳಿದವನಲ್ಲ.

ಹೊರಗಿನ ಬೆಂಚಿನಲ್ಲಿ ಮೀನಾಕ್ಷಮ್ಮ ಕೂತಿದ್ದಳು. ಮಗಳನ್ನು ಐಸಿಯುಗೆ ಕರೆದೊಯ್ದಿದ್ದರು, ಕೂಸಿನ ಜೊತೆ ಅಲ್ಲಿಗೆ ಬಿಟ್ಟಿರಲಿಲ್ಲ. ಅರುಂಧತಿಯನ್ನು ಕಂಡು, ‘ಸಿಸ್ಟರ್ರೇ, ಫೋಟೋ ನೋಡೋ ದೊಡ್ ಡಾಕ್ಟ್ರು ಎಲ್ಲವ್ರೆ?’ ಎಂದು ಕೇಳಿದಳು.

‘ನಾನೇ.’

ಮೀನಾಕ್ಷಮ್ಮ ಅವಳನ್ನು ಕಾಲಿಂದ ತಲೆಯವರೆಗೆ ನೋಡಿ ಪಕ್ಕಕ್ಕೆ ಸರಿದಳು. ಅರುಂಧತಿ ಕೂತಳು.

‘ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆ ಕಣಮ್ಮ. ಅದಕ್ಕೇ ಉಸಿರು ಸಿಕ್ತಿರಲಿಲ್ಲ. ಔಷಧಿ ಶುರು ಮಾಡಿದಾರೆ. ಈ ಎರಡು ದಿನ ಜೋಪಾನ. ಆಮೇಲೆ ಕೆಲವು ತಿಂಗಳು ಔಷಧಿ ತಗೋಬೇಕು.’

‘ಬದುಕ್ತಾಳಾ?’

‘ಸಮಯಕ್ಕೆ ಗೊತ್ತಾಗಿದೆ. ಬದುಕ್ತಾಳೆ ಅಂತಲೇ ಔಷಧಿ ಕೊಡ್ತಿರೋದು. ಇವತ್ತೇ ಪೂರ್ತಿ ಧೈರ್ಯ ಹೇಳೋಕೆ ನನಗೆ ಆಗಲ್ಲ.’

ಮೀನಾಕ್ಷಮ್ಮ ತಲೆಯಾಡಿಸಿದಳು. ಕೂಸು ಮುಲುಗಿತು. ‘ಆ ಬಣ್ಣದ ನೀರು ಬುಟ್ಟವ್ರಲ್ಲ. ಹಾಲು ಕೆಟ್ಟೋಯ್ತಾ? ಚೆಲ್ಬೇಕಾ?’

‘ಇಲ್ಲ. ಕುಡಿಸಬಹುದು. ಆ ಔಷಧಿಗೂ ತೊಂದರೆ ಇಲ್ಲ. ಐಸಿಯುನಲ್ಲಿ ನಾನು ಹೇಳ್ತೀನಿ.’

ಅಷ್ಟು ಹೊತ್ತು ಗಟ್ಟಿಯಾಗಿದ್ದ ಹೆಂಗಸು ಆಗ ದನಿ ತಗ್ಗಿಸಿದಳು. ‘ಒಂದ್ ಮಾತು ಡಾಕ್ಟ್ರಮ್ಮ. ಆ ಡಾಕ್ಟ್ರ ಹುಡ್ಗನ್ ಕೂಟೆ ಯೋಳ್ಲಿಲ್ಲ. ಮೊನ್ನೆಯಿಂದ ಎಡಗಾಲು ಮೀನಖಂಡ ಇಡ್ಕಂಡದೆ ಅಂತಿದ್ಲು. ವಾಯು ಕಣೆ ಅಂದ್ಬುಟ್ಟು ಎಣ್ಣೆ ಕಾಸಿ ತಿಕ್ದೆ. ನೆನ್ನೆ ರಾತ್ರಿ ಜೋರಾಗೇ ತಿಕ್ದೆ. ಬೆಳಗಾಗೆದ್ರೆ ಇಂಗೆ. ಎದ್ದು ಓಡಾಡ್ತೀನಿ ಅಂದ್ಲು, ಮಲಿಕ್ಕಳೆ ಅಂದೆ. ನೀರ್ ಕೊಡು ಅಂದ್ಲು, ಹೊಟ್ಟೆ ಮುಂದಕ್ಕೆ ಬತ್ತದೆ ಅಂತ ಅದ್ನೂ ಅಳ್ತೆ ಮಾಡ್ದೆ. ನನ್ನಿಂದ್ಲೇನಾ ಇದು?’

ಇಲ್ಲ ಎನ್ನುವುದು ಸುಲಭವಿತ್ತು. ಹೌದು ಎನ್ನಲು ಅರುಂಧತಿಯ ಹತ್ತಿರ ಆಧಾರವಿರಲಿಲ್ಲ. ಕಾಲಿನ ಸಿರೆಗಳಲ್ಲಿ ಈಗ ಏನೂ ಕಾಣುತ್ತಿರಲಿಲ್ಲ. ಹೆಪ್ಪು ಅಲ್ಲಿಂದ ಹೊರಟಿರಬಹುದು, ಹೊಟ್ಟೆಯೊಳಗಿನಿಂದಲೂ ಹೊರಟಿರಬಹುದು. ಆಪರೇಷನ್ ಆದ ಬಾಣಂತಿಯರಿಗೆ ಯಾರೂ ತಿಕ್ಕದೆಯೂ ಬರುತ್ತದೆ.

‘ಗೊತ್ತಿಲ್ಲ ಕಣಮ್ಮ,’ ಎಂದಳು. ‘ಎಲ್ಲಿದೆ ಅಂತ ನನಗೆ ಕಂಡಿದ್ದು. ಎಲ್ಲಿಂದ ಬಂತು ಅಂತ ಕಾಣಲಿಲ್ಲ. ಇನ್ಮೇಲೆ ಬಾಣಂತಿ ಕಾಲು ನೋಯುತ್ತೆ ಅಂದ್ರೆ ತಿಕ್ಕಬೇಡಿ, ಡಾಕ್ಟ್ರಿಗೆ ತೋರಿಸಿ. ನೀರು ಕೊಡಿ. ಓಡಾಡಲಿ. ಮತ್ತೆ ಈ ಕಾಲಿನ ವಿಷಯ ಮೇಲಿನ ಡಾಕ್ಟ್ರಿಗೂ ಹೇಳಬೇಕು, ಅವರಿಗೆ ಬೇಕಾಗುತ್ತೆ.’

‘ಅಳಿಯನ್ ಮುಂದೆ ಯೋಳ್ಬ್ಯಾಡಿ.’

‘ನಾನು ಹೇಳಲ್ಲ.’ ಅರುಂಧತಿ ಮುಂದುವರಿಸಿದಳು, ‘ಬೆಳಿಗ್ಗೆ ಬಂದವಳಿಗೆ ಮಧ್ಯಾಹ್ನದ ತನಕ ಸ್ಕ್ಯಾನ್ ಆಗಲಿಲ್ಲ ಅಲ್ವಾ? ಅದು ನನ್ನ ಕಟ್ಟುನಿಟ್ಟಿನಿಂದ. ನನ್ನ ಕೇಳೋಕೆ ಇಲ್ಲಿ ಜನ ಹೆದರ್ತಾರೆ.’

ಮೀನಾಕ್ಷಮ್ಮ ಅದನ್ನು ಯೋಚಿಸಿದಳು. ಬೈಯುತ್ತಾಳೆ ಎಂದುಕೊಂಡಳು ಅರುಂಧತಿ. ಬೈದಿದ್ದರೆ ಒಳ್ಳೆಯದಿತ್ತು.

‘ಸರಿ ಬುಡಿ. ಇಬ್ರೂ ಒಂದೇಯ,’ ಎಂದು ಎದ್ದು ನಿಂತಳು. ‘ತಗಳಿ ಈ ಕೂಸ. ಬೆಳಗಾಗಿಂದ ಕಂಕುಳಲ್ಲೇ ಅದೆ, ಎಲ್ಲೂ ಇಳಿಸಿಲ್ಲ. ನಾನು ಮುಖ ತೊಳ್ಕಂಡು, ವಸಿ ನೀರ್ ಕುಡ್ದು ಬತ್ತೀನಿ. ಅಂಗಲ್ಲ, ತಲೆ ಕೆಳಕ್ಕೆ ಕೈ ಕೊಡಿ. ಮಕ್ಳಿಲ್ವಾ ನಿಮ್ಗೆ?’

‘ಇದಾಳೆ. ದೊಡ್ಡವಳಾಗಿದಾಳೆ.’

‘ಮರ್ತೋಗದೆ ಅನ್ನಿ,’ ಎಂದು ಮೀನಾಕ್ಷಮ್ಮ ಕಾರಿಡಾರಿನ ತುದಿಗೆ ನಡೆದು ಮರೆಯಾದಳು.

ಕೂಸು ನಿರೀಕ್ಷಿಸಿದ್ದಕ್ಕಿಂತ ಹಗುರವಾಗಿತ್ತು, ಬೆಚ್ಚಗಿತ್ತು. ಹರಳೆಣ್ಣೆಯ ವಾಸನೆ. ಅದು ಕಣ್ಣು ಬಿಡದೆಯೇ ಮುಖವನ್ನು ಅವಳ ಎದೆಯ ಕಡೆ ತಿರುಗಿಸಿ, ಬಾಯಿ ತೆರೆದು, ಬಿಳಿ ಕೋಟಿನ ಗುಂಡಿಯ ಸುತ್ತ ಹುಡುಕತೊಡಗಿತು.

‘ನಾನಲ್ಲ ಕಣಪ್ಪ,’ ಎಂದಳು ಅರುಂಧತಿ. ‘ಅವಳು ಮೇಲಿದಾಳೆ.’

ಅದು ನಂಬಲಿಲ್ಲ. ಹುಡುಕುತ್ತಲೇ ಇತ್ತು. ಒಳಗೆ ಮೇಜಿನ ಮೇಲೆ ಫೋನ್ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಮತ್ತೆ ಶುರುವಾಯಿತು. ಯಾರಿಗೋ ಏನೋ ಬೇಕಿತ್ತು. ಅವಳು ಕೂಸನ್ನು ಎತ್ತಿಕೊಂಡೇ ಎದ್ದು ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ಕತ್ತಲಲ್ಲಿ ತಡಕಿ ರಿಸೀವರ್ ಎತ್ತಿ ಕುತ್ತಿಗೆಯಲ್ಲಿ ಸಿಕ್ಕಿಸಿಕೊಂಡು, ‘ಹೇಳಿ,’ ಎಂದಳು.